ಮಾಂಟೂ ಪಾಸಿಟಿವ್ ಬಂದಿದೆ, ಟಿಬಿ ಬಂದಿಲ್ಲ

ಡಾಕ್ಟ್ರೇ, ನನ್ನ ಮಗನಿಗೆ 24 ವರ್ಷ. ಹಡಗಿನ ಕೆಲಸದ ಮೆಡಿಕಲ್‌ಗೆ ಅಂತ, ಟಿಬಿ ಸೋಂಕು ನೋಡಲು ಕೈಯ ಚರ್ಮಕ್ಕೆ ಚುಚ್ಚುತ್ತಾರಲ್ಲ, ಆ ಮಾಂಟೂ ಮಾಡಿಸಿದೆವು. 18 ಮಿಮೀ ಪಾಸಿಟಿವ್ ಅಂತ ಬರೆದುಕೊಟ್ಟಿದ್ದಾರೆ. ಕೆಮ್ಮಿಲ್ಲ, ಜ್ವರ ಇಲ್ಲ, ಚೆನ್ನಾಗಿ ಊಟ ಮಾಡ್ತಾನೆ. ಒಬ್ಬ ಡಾಕ್ಟರು ಆರು ತಿಂಗಳ ಟಿಬಿ ಮಾತ್ರೆ ಶುರು ಮಾಡಿ ಅಂತಾರೆ, ಇನ್ನೊಬ್ಬರು ಬಿಸಿಜಿ ಹಾಕಿದ್ದಕ್ಕೆ ಬಂದಿದೆ ಬಿಡಿ ಅಂತಾರೆ. ಕೈಯ ಫೋಟೋ ಕಳಿಸಿದ್ದೇನೆ. – ಕುಮಟಾದಿಂದ ಒಬ್ಬ ತಾಯಿ

ಫೋಟೋ ಬೇಡ ಅಮ್ಮಾ. ಕೆಂಪಾದ ಕೈಯ ಫೋಟೋ ನನಗೆ ವಾರಕ್ಕೆ ಮೂರಾದರೂ ಬರುತ್ತದೆ. ಮಾಂಟೂವನ್ನು ಫೋಟೋ ನೋಡಿ ಓದಲು ನನಗೂ ಆಗುವುದಿಲ್ಲ, ಬೇರೆ ಯಾರಿಗೂ ಆಗುವುದಿಲ್ಲ. ಅದನ್ನು ಬೆರಳಿನಿಂದ ಓದಬೇಕು. ಆರು ತಿಂಗಳ ಮಾತ್ರೆಯನ್ನು ಸದ್ಯಕ್ಕೆ ಮುಟ್ಟಬೇಡಿ. ಹಾಗಂತ ಆ ಎರಡನೇ ಡಾಕ್ಟರು ಹೇಳಿದ್ದನ್ನು ಕೇಳಿ ಸುಮ್ನೆ ಕೂರಲೂ ಬೇಡಿ.

ನಿಮ್ಮ ಮಗನ ಹಾಗೇ ಅಂಕೋಲೆಯ ಕಡೆಯ ಒಬ್ಬ ಹುಡುಗಿ ಬಂದಿದ್ದಳು. 23 ವರ್ಷ, ನರ್ಸಿಂಗ್ ಮುಗಿಸಿ ಹೊರದೇಶದ ಕೆಲಸಕ್ಕೆ ಕಾಗದಪತ್ರ ಮಾಡಿಸುತ್ತಿದ್ದಳು. ಸೋಮವಾರ ಬೆಳಿಗ್ಗೆ 10 ಗಂಟೆಗೆ ಚುಚ್ಚಿಸಿಕೊಂಡಿದ್ದಾಳೆ. ಬುಧವಾರ ತಾನು ಇರುವುದಿಲ್ಲ, ಮಂಗಳವಾರವೇ ಬಾ ಅಂತ ಲ್ಯಾಬಿನವರು ಕರೆದಿದ್ದಾರೆ. ಕೆಂಪಾದ ಜಾಗದ ಮೇಲೆ ಸ್ಕೇಲ್ ಇಟ್ಟು 24 ಮಿಮೀ, 'ಸ್ಟ್ರಾಂಗ್ ಪಾಸಿಟಿವ್' ಅಂತ ಬರೆದಿದ್ದಾರೆ. ಎರಡೂ ತಪ್ಪು. ಮಾಂಟೂ ಓದಬೇಕಾದ್ದು 48ರಿಂದ 72 ಗಂಟೆಯೊಳಗೆ. ಅಳೆಯಬೇಕಾದ್ದು ಗಡಸಾಗಿ ಉಬ್ಬಿದ ಜಾಗವನ್ನು. ಕೆಂಪು ಎಷ್ಟಿದ್ದರೂ ಲೆಕ್ಕಕ್ಕಿಲ್ಲ.

ಅವಳ ಅದೃಷ್ಟ, ಬುಧವಾರ ಮಧ್ಯಾಹ್ನವೇ ಅಳುತ್ತಾ ನನ್ನ ಹತ್ತಿರ ಬಂದಳು. ಗಂಟೆ ಇನ್ನೂ ಮೀರಿರಲಿಲ್ಲ. ಮೇಜಿನ ಮೇಲಿದ್ದ ಸಾಧಾರಣ ಬಾಲ್ ಪೆನ್ ತೆಗೆದುಕೊಂಡೆ. ಕೆಂಪಿನಿಂದ ಸ್ವಲ್ಪ ಆಚೆ, ಚೆನ್ನಾಗಿರುವ ಚರ್ಮದ ಮೇಲೆ ಪೆನ್ನಿಟ್ಟು ನಡುವಿನ ಕಡೆಗೆ ನಿಧಾನಕ್ಕೆ ಗೆರೆ ಎಳೆಯುತ್ತಾ ಹೋಗಬೇಕು. ಗಡಸು ಶುರುವಾಗುವಲ್ಲಿ ಪೆನ್ನು ತಾನಾಗಿ ತಡೆದು ನಿಲ್ಲುತ್ತದೆ. ಆಚೆ ಬದಿಯಿಂದಲೂ ಹಾಗೇ. ಎರಡು ಗೆರೆಗಳ ತುದಿಗಳ ನಡುವಿನ ದೂರವೇ ಉತ್ತರ, ಅದೂ ಕೈಗೆ ಅಡ್ಡಲಾಗಿ ಅಳೆದದ್ದು, ಮೊಣಕೈಯಿಂದ ಮಣಿಕಟ್ಟಿನ ಕಡೆಗೆ ಉದ್ದಕ್ಕೆ ಅಳೆದದ್ದಲ್ಲ. ಅವಳದ್ದು 13 ಮಿಮೀ. ನಿಮ್ಮ ಮಗನ 18ನ್ನು ಯಾವಾಗ, ಯಾವುದನ್ನು ಅಳೆದರು ಅಂತ ಲ್ಯಾಬಿನವರನ್ನು ಕೇಳಿ. ಉತ್ತರ ತಡವರಿಸಿದರೆ ಆ ಅಂಕಿಯನ್ನು ನಾನು ನಂಬುವುದಿಲ್ಲ.

ಸರಿ, 13 ಬಂತು. ನಮ್ಮಲ್ಲಿ ಸಾಮಾನ್ಯವಾಗಿ 10 ಮಿಮೀ ದಾಟಿದರೆ ಪಾಸಿಟಿವ್, ಎಚ್‌ಐವಿ ಇದ್ದವರಿಗೆ 5 ಆದರೂ ಸಾಕು. ಆದರೆ ಪಾಸಿಟಿವ್ ಅಂದರೆ ಏನು? ನಿಮ್ಮ ದೇಹದ ರಕ್ಷಣಾ ಕಣಗಳು ಈ ರೋಗಾಣುವನ್ನೋ ಅದರ ನೆಂಟರನ್ನೋ ಹಿಂದೆ ಎಂದೋ ಕಂಡಿವೆ, ಈಗ ಗುರುತು ಹಿಡಿದವು, ಅಷ್ಟೇ. ರೋಗಾಣು ಒಳಗಿದ್ದೂ ಕಾಯಿಲೆ ಮಾಡದೆ ಮಲಗಿರುವ ಸುಪ್ತ ಟಿಬಿಯನ್ನು ಬೂದಿ ಮುಚ್ಚಿದ ಕೆಂಡ ಅಂತ ಎಲ್ಲರೂ ವರ್ಣಿಸುತ್ತಾರೆ. ಈ ಪರೀಕ್ಷೆಗೆ ಕೆಂಡವೇ ಕಾಣುವುದಿಲ್ಲ. ಒಂದು ಕಾಲದಲ್ಲಿ ಇಲ್ಲಿ ಒಲೆ ಹೊತ್ತಿಸಿದ್ದರು ಅನ್ನುವುದಷ್ಟೇ ಗೊತ್ತಾಗುತ್ತದೆ. ಕೆಂಡ ಆರಿಹೋಗಿದ್ದರೂ ಪಾಸಿಟಿವ್, ಮನೆಗೇ ಬೆಂಕಿ ಹತ್ತಿದ್ದರೂ ಪಾಸಿಟಿವ್. ಗಂಟು ದೊಡ್ಡದಾದಷ್ಟೂ ರೋಗಾಣು ನಿಜವಾಗಿ ಹೊಕ್ಕಿದೆ ಅನ್ನುವ ಸಾಧ್ಯತೆ ಜಾಸ್ತಿ. ಆದರೆ ಕಾಯಿಲೆ ಜಾಸ್ತಿ ಅಂತಲ್ಲ. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಹತ್ತಕ್ಕೆ ಮೂರು ಜನರಿಗೆ ಈ ಸೋಂಕು ಇತ್ತು. ಅವರಿಗೆಲ್ಲ ಆರು ತಿಂಗಳ ಮಾತ್ರೆ ನುಂಗಿಸೋಣವೇ?

ಇನ್ನು ಬಿಸಿಜಿ. ಹುಟ್ಟಿದಾಗ ಹಾಕಿದ ಬಿಸಿಜಿಯಿಂದ ಮಾಂಟೂ ಉಬ್ಬುವುದು ಚಿಕ್ಕ ಮಕ್ಕಳಲ್ಲಿ ಹೌದು. ಹತ್ತು ವರ್ಷ ಕಳೆದ ಮೇಲೆ ಆ ಪ್ರಭಾವ ಹೆಚ್ಚುಕಡಿಮೆ ಮುಗಿದಿರುತ್ತದೆ. 24ರ ಹುಡುಗನ 18 ಮಿಮೀ ಗಂಟನ್ನು ಬಿಸಿಜಿ ತಲೆಗೆ ಕಟ್ಟುವುದು ಸೋಮಾರಿತನ. ಮಣ್ಣು, ನೀರಿನಲ್ಲಿರುವ ನಿರುಪದ್ರವಿ ನೆಂಟ ರೋಗಾಣುಗಳಿಂದಲೂ ಚಿಕ್ಕ ಗಂಟು ಬರಬಹುದು. ಅನುಮಾನ ಇದ್ದಾಗ ರಕ್ತಪರೀಕ್ಷೆ ಇದೆ, ಇಗ್ರಾ ಅಂತಾರೆ. ಟಿಬಿ ರೋಗಾಣುವಿನಲ್ಲಿದ್ದು ಬಿಸಿಜಿಯಲ್ಲಿಲ್ಲದ ಪ್ರೋಟೀನಿನ ಚೂರುಗಳನ್ನು ನಿಮ್ಮ ರಕ್ತಕ್ಕೆ ತೋರಿಸಿ, ರಾತ್ರಿಯಿಡೀ ಬೆಚ್ಚಗಿಟ್ಟು, ಬಿಳಿ ಕಣಗಳು ಎಷ್ಟು ಇಂಟರ್‌ಫೆರಾನ್ ಬಿಟ್ಟವು ಅಂತ ಅಳೆಯುತ್ತಾರೆ.

ಅಂಕೋಲೆಯ ಹುಡುಗಿಗೆ ಅದನ್ನೂ ಮಾಡಿಸಿದೆ. ಈ ರಿಪೋರ್ಟಿನಲ್ಲಿ ನಾಲ್ಕು ಟ್ಯೂಬಿನ ಅಂಕಿಗಳಿರುತ್ತವೆ, ಜನ ನೋಡುವುದು ಕೆಳಗಿನ ಒಂದೇ ಪದವನ್ನು. ಏನೂ ಹಾಕದ ಟ್ಯೂಬಿನಲ್ಲಿ ಅವಳದ್ದು 0.06, ಟಿಬಿ ಪ್ರೋಟೀನ್ ಹಾಕಿದ್ದರಲ್ಲಿ 1.90. ಕಳೆದರೆ 1.84. ಗೆರೆ ಇರುವುದು 0.35ಕ್ಕೆ, ಹಾಗಾಗಿ ಇದು ಖಚಿತ ಪಾಸಿಟಿವ್. 0.38 ಬಂದಿದ್ದರೆ ನಾನು ಅಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ, ಮುಂದಿನ ವಾರ ಅದೇ ರಕ್ತ 0.29 ತೋರಿಸಿದರೂ ಆಶ್ಚರ್ಯವಿಲ್ಲ. ನಾಲ್ಕನೇ ಟ್ಯೂಬು ಕಣಗಳನ್ನು ಬೇಕಂತಲೇ ಕೆರಳಿಸಿ ನೋಡುವುದು. ಅಲ್ಲೂ ಕಣಗಳು ಸುಮ್ಮನಿದ್ದರೆ ಫಲಿತಾಂಶ 'ಇಂಡಿಟರ್ಮಿನೇಟ್'. ಹಾಗಂದರೆ ನೆಗೆಟಿವ್ ಅಲ್ಲ, ಪರೀಕ್ಷೆಯೇ ಆಗಲಿಲ್ಲ ಅಂತ. ರಕ್ತ ತೆಗೆದ 16 ಗಂಟೆಯೊಳಗೆ ಟ್ಯೂಬು ಇನ್‌ಕ್ಯುಬೇಟರ್ ಸೇರಬೇಕು. ನಮ್ಮ ಕಡೆಯಿಂದ ರಾತ್ರಿ ಬಸ್ಸಿನಲ್ಲಿ ದೂರದೂರಿಗೆ ಹೋಗುವ ಸ್ಯಾಂಪಲ್ಲುಗಳ ಗತಿ ಏನಾಗುತ್ತದೋ, ಮಾಡಿಸುವ ಮೊದಲು ಕೇಳಿಕೊಳ್ಳಿ.

ಆದರೆ ಇಷ್ಟು ದುಬಾರಿ ಪರೀಕ್ಷೆಗೂ ಸುಪ್ತ ಯಾವುದು, ಕಾಯಿಲೆ ಯಾವುದು ಅಂತ ಗೊತ್ತಾಗುವುದಿಲ್ಲ. ಅದನ್ನು ಹುಡುಕಬೇಕಾದ್ದು ಬೇರೆ ದಾರಿಯಲ್ಲಿ. ಅವಳಿಗೆ ಎರಡು ವಾರದ ಕೆಮ್ಮು, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಯಾವುದೂ ಇರಲಿಲ್ಲ. ಕುತ್ತಿಗೆ, ಕಂಕುಳಲ್ಲಿ ಗಂಟಿದೆಯಾ ಅಂತ ಬೆರಳಾಡಿಸಿ ನೋಡಿದೆ, ಯಾಕೆಂದರೆ ಟಿಬಿ ಶ್ವಾಸಕೋಶದಲ್ಲೇ ಇರಬೇಕೆಂದಿಲ್ಲ, ಎದೆಯ ಎಕ್ಸ್‌ರೇ ಸರಿಯಿದ್ದೂ ಕುತ್ತಿಗೆಯಲ್ಲಿ ಇರಬಹುದು. ಹೊಸ ಎಕ್ಸ್‌ರೇ ತೆಗೆಸಿದೆ, ಸ್ವಚ್ಛ. ಅದರಲ್ಲಿ ಚೂರು ಕಲೆ ಕಂಡಿದ್ದರೂ ಕಫ ತೆಗೆಸಿ ಟ್ರೂನ್ಯಾಟ್‌ಗೆ ಕಳಿಸುತ್ತಿದ್ದೆ. ರೋಗಾಣುವನ್ನೇ ಹುಡುಕುವ ಪರೀಕ್ಷೆ ಅದು, ಯಂತ್ರ ತಯಾರಾಗುವುದು ನಮ್ಮ ಪಕ್ಕದ ಗೋವಾದಲ್ಲೇ.

ಕೊನೆಗೆ ಕೇಳಿದೆ, ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಚಿಕ್ಕಪ್ಪನಿಗೆ ಆಗಿತ್ತು, ಒಂದೂವರೆ ವರ್ಷ ಆಯ್ತು, ಯಾರಿಗೂ ಹೇಳಬೇಡಿ ಅಂದಳು. ಒಂದೇ ಮನೆ, ಒಂದೇ ಜಗಲಿ. ಅಲ್ಲಿಗೆ ಲೆಕ್ಕ ಕೂಡಿತು. ಸೋಂಕು ನಿಜ, ಕಾಯಿಲೆ ಇಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಇಡೀ ಜೀವಮಾನದಲ್ಲಿ ಐದರಿಂದ ಹತ್ತು ಜನರಿಗಷ್ಟೇ ಕಾಯಿಲೆ ಬರುತ್ತದೆ, ಅದರಲ್ಲಿ ಸುಮಾರು ಅರ್ಧ ಮೊದಲ ಎರಡು ವರ್ಷದಲ್ಲೇ. ಅವಳು ಇನ್ನೂ ಆ ಎರಡು ವರ್ಷದೊಳಗೆ ಇದ್ದಳು. ಲಿವರ್ ಪರೀಕ್ಷೆ ಮಾಡಿಸಿ, ವಾರಕ್ಕೊಮ್ಮೆ ಐಸೋನಿಯಾಜಿಡ್ ಮತ್ತು ರಿಫಾಪೆಂಟಿನ್, ಹನ್ನೆರಡು ವಾರ ಕೊಟ್ಟೆ. ಭಾನುವಾರ ಭಾನುವಾರ ನುಂಗಿದಳು. ಮೂತ್ರ ಕೇಸರಿ ಬಣ್ಣ ಆಗುತ್ತದೆ ಅಂತ ಮೊದಲೇ ಹೇಳಿದ್ದೆ, ಆದರೂ ಗಾಬರಿಯಾಗಿ ಫೋನ್ ಮಾಡಿದ್ದಳು. ಆಮೇಲೆ ಏಜೆಂಟ್ ಮಹಾಶಯ ಮಾಂಟೂ ನೆಗೆಟಿವ್ ಮಾಡಿಸಿಕೊಂಡು ಬಾ ಅಂದನಂತೆ. ಮಾಡಿಸಲಿಲ್ಲ. ಔಷಧಿ ಮುಗಿದರೂ ಅದು ಪಾಸಿಟಿವ್ ಆಗಿಯೇ ಉಳಿಯಬಹುದು. ಸೋಂಕು ಇತ್ತು, ಕಾಯಿಲೆ ಇಲ್ಲ, ತಡೆ ಔಷಧಿ ಮುಗಿದಿದೆ ಅಂತ ಪತ್ರ ಬರೆದುಕೊಟ್ಟೆ.

ಈ ವಿಷಯದಲ್ಲಿ ನಾನು ಸ್ವಲ್ಪ ಅಂಜುಬುರುಕ, ಒಪ್ಪಿಕೊಳ್ಳುತ್ತೇನೆ. ವರ್ಷಗಳ ಹಿಂದೆ ಘಟ್ಟದ ಮೇಲಿನ ಒಬ್ಬ ಅಡಿಕೆ ತೋಟದವರಿಗೆ ಎಕ್ಸ್‌ರೇಯನ್ನೇ ತೆಗೆಯದೆ ಸುಪ್ತ ಅಂತ ಹೇಳಿ ಐಸೋನಿಯಾಜಿಡ್ ಒಂದನ್ನೇ ಕೊಟ್ಟಿದ್ದರು. ನನ್ನ ಹತ್ತಿರ ಬರುವಾಗ ಕಫದಲ್ಲಿ ರಕ್ತ. ಕಾಯಿಲೆ ಇರುವವರಿಗೆ ಒಂದೇ ಮಾತ್ರೆ ಕೊಟ್ಟರೆ ರೋಗಾಣು ಆ ಮಾತ್ರೆಗೆ ಬಗ್ಗದಂತೆ ಕಲಿಯುತ್ತದೆ. ಅದಕ್ಕೇ ನಾನು ಹೊಸ ಎಕ್ಸ್‌ರೇ ಕಣ್ಣಾರೆ ನೋಡದೆ ತಡೆ ಔಷಧಿ ಬರೆಯುವುದಿಲ್ಲ, ಬೈದುಕೊಂಡರೂ ಪರವಾಗಿಲ್ಲ.

ನಿಮ್ಮ ಮಗನಿಗೆ ಎಕ್ಸ್‌ರೇ ತೆಗೆಸಿ, ಎದೆರೋಗದ ಡಾಕ್ಟರ ಹತ್ತಿರ ಕೈ ತೋರಿಸಿ. ಮನೆಯಲ್ಲಿ, ರೂಮ್‌ಮೇಟ್‌ಗಳಲ್ಲಿ ಯಾರಿಗೆ ಟಿಬಿ ಇತ್ತು ಅನ್ನುವುದನ್ನು ಮುಚ್ಚಿಡಬೇಡಿ. ಯಾರಿಗೂ ಇರಲಿಲ್ಲ, ಸಕ್ಕರೆ ಕಾಯಿಲೆ, ಸ್ಟೀರಾಯ್ಡ್ ಇತ್ಯಾದಿ ಏನೂ ಇಲ್ಲ ಅಂದರೆ ತಡೆ ಔಷಧಿಯೂ ಬೇಡ ಅನ್ನಬಹುದು. ಅದನ್ನು ಅವನನ್ನು ನೋಡಿದವರು ಹೇಳಲಿ.

ರಕ್ತದಲ್ಲಿ ಟಿಬಿ ಐಜಿಜಿ, ಐಜಿಎಂ ಪಾಸಿಟಿವ್ ಬಂದಿದೆ. ಏನು ಮಾಡಲಿ? – ಶಿರಸಿ

ರಿಪೋರ್ಟ್ ಹರಿದು ಹಾಕಿ. ಇದನ್ನು ಇಗ್ರಾ ಅಂದುಕೊಳ್ಳಬೇಡಿ, ಅದೇ ಬೇರೆ, ಇದೇ ಬೇರೆ. ಈ ಕಿಟ್ಟುಗಳನ್ನು ಸರ್ಕಾರ 2012ರಲ್ಲೇ ನಿಷೇಧಿಸಿದೆ, ಯಾರು ಮಾಡಿಕೊಟ್ಟರೋ ಅವರ ಹತ್ತಿರ ಮತ್ತೆ ಹೋಗಬೇಡಿ.

ಎರಡು ತಿಂಗಳಿಂದ ಕೆಮ್ಮು, ಆರು ಕೆಜಿ ಇಳಿದಿದ್ದೇನೆ. ಮಾಂಟೂ ನೆಗೆಟಿವ್. ಟಿಬಿ ಇಲ್ಲ ಅಲ್ವಾ? – ಕಾರವಾರ, ಬೋಟಿನ ಕೆಲಸ

ಯಾರು ಹೇಳಿದ್ದು ಇಲ್ಲ ಅಂತ? ಕಾಯಿಲೆ ಜೋರಾಗಿದ್ದಾಗ, ದೇಹ ಬಡಕಲಾದಾಗ ಚರ್ಮ ಉಬ್ಬದೆಯೂ ಇರಬಹುದು. ಬೋಟು ಕಾಯಲಿ. ನಾಳೆ ಬೆಳಿಗ್ಗೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಕೊಡಿ, ಎಂಜಲಲ್ಲ, ಎದೆಯಿಂದ ಕೆಮ್ಮಿ ತೆಗೆದ ಕಫ. ದುಡ್ಡು ಕೊಡಬೇಕಿಲ್ಲ.

ಮಾಂಟೂ ನೆಗೆಟಿವ್ ಮಾಡುವ ಕಷಾಯ ಕೊಡುವವರೊಬ್ಬರು ಇದ್ದಾರಂತೆ? – ಯಲ್ಲಾಪುರ

ಇದ್ದಾರೆ. ನಿಮ್ಮ ದುಡ್ಡು ಖಾಲಿ ಮಾಡುವುದು ಮಾತ್ರ ಅವರಿಗೆ ಗೊತ್ತು.

ಸೊಸೆಗೆ ಇಗ್ರಾ ಪಾಸಿಟಿವ್, ಡಾಕ್ಟರು ಕಾಯಿಲೆ ಇಲ್ಲ ಅಂದಿದ್ದಾರೆ. ತಟ್ಟೆ ಲೋಟ ಬೇರೆ ಇಡಬೇಕಾ? – ಹೊನ್ನಾವರ

ಬೇಡ. ಸುಪ್ತ ಸೋಂಕು ಇರುವವರಿಂದ ಯಾರಿಗೂ ಹರಡುವುದಿಲ್ಲ. ಕಾಯಿಲೆ ಇರುವವರಿಂದಲೂ ಹರಡುವುದು ಕೆಮ್ಮಿದ ಗಾಳಿಯಿಂದ, ತಟ್ಟೆಯಿಂದಲ್ಲ. ಈಗಾಗಲೇ ಬೇರೆ ಇಟ್ಟಿದ್ದರೆ ಇವತ್ತು ರಾತ್ರಿ ಊಟಕ್ಕೇ ವಾಪಸ್ ಸೇರಿಸಿ. ನಿಮ್ಮ ಮನೆಯಲ್ಲಿ ಅವಳಿಗೆ ಇದು ಯಾರಿಂದ ಬಂತು ಅಂತ ಕೇಳಿದ್ದೀರಾ? ಹೆಚ್ಚು ಕೆಮ್ಮುವವರು ಯಾರಿದ್ದಾರೋ, ಅವರ ಕಫವನ್ನು ಈ ವಾರವೇ ಪರೀಕ್ಷೆಗೆ ಕೊಡಿ.