ಕಾಲ್ ಮಾಡಿದ ಕೂಡಲೇ ಸ್ಕ್ರೀನ್ ಕಪ್ಪು: ಮೊದಲು ಗ್ಲಾಸ್ ನೋಡಿ

"ಹೊಸ ಟೆಂಪರ್ಡ್ ಗ್ಲಾಸ್ ಹಾಕಿಸಿದ ಮೇಲೆ ಕಾಲ್ ಮಾಡಿದ್ರೆ ಸ್ಕ್ರೀನ್ ಕಪ್ಪಾಗುತ್ತೆ, ಕಿವಿಯಿಂದ ತೆಗೆದ್ರೂ ಬರಲ್ಲ. ಸೆನ್ಸರ್ ಹೋಯ್ತಾ?"

ಹೋಗಿರುವ ಸಾಧ್ಯತೆ ಕಡಿಮೆ. ಹೆಚ್ಚಿನ ಫೋನ್‌ಗಳಲ್ಲಿ ಇಯರ್‌ಪೀಸ್ ಪಕ್ಕದ ಪ್ರಾಕ್ಸಿಮಿಟಿ ಸೆನ್ಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಅದು ಕೆನ್ನೆಗೆ ತಗುಲಿ ವಾಪಸ್ ಬಂದರೆ ಸ್ಕ್ರೀನ್ ಆರುತ್ತದೆ. ಗ್ಲಾಸ್ ಅಂಚು, ಅಂಟು ಅಥವಾ ಗಾಳಿಗುಳ್ಳೆ ಅದರ ಮೇಲೆ ಬಂದರೂ ಬೆಳಕು ವಾಪಸ್ ಬರುತ್ತದೆ. ಫೋನಿಗೆ ಅದೂ ಕೆನ್ನೆಯೇ.

ಮೊದಲು ಟೆಸ್ಟ್ ಮಾಡಿ. ಡಯಲರ್‌ನಲ್ಲಿ ರೆಡ್ಮಿಯಾದರೆ `*#*#6484#*#*`, ಸ್ಯಾಮ್‌ಸಂಗ್ ಆದರೆ `*#0*#` ಒತ್ತಿ, ಸೆನ್ಸರ್ ಪರೀಕ್ಷೆಗೆ ಹೋಗಿ. ಮೇಲೆ ಏನೂ ಇಲ್ಲದಾಗಲೂ "ಹತ್ತಿರ" ಅಂತಲೇ ತೋರಿಸಿದರೆ, ಗ್ಲಾಸ್ ತೆಗೆದು, ಆ ಜಾಗವನ್ನು ಒಣ ಮೆತ್ತನೆ ಬಟ್ಟೆಯಿಂದ ಒರೆಸಿ, ಮತ್ತೆ ನೋಡಿ. ಈಗ ಸರಿಯಾಯಿತೆಂದರೆ ತಪ್ಪು ಗ್ಲಾಸಿನದು. ಸೆನ್ಸರ್ ಜಾಗಕ್ಕೆ ಕಿಂಡಿ ಇರುವ, ನಿಮ್ಮ ಮಾಡೆಲ್‌ನದ್ದೇ ಗ್ಲಾಸ್ ತಗೊಳ್ಳಿ. ನನ್ನ ಅಮ್ಮನ ಫೋನಿನಲ್ಲಿ ಗ್ಲಾಸ್ ಬರೀ ಒಂದು ಕೂದಲೆಳೆಯಷ್ಟು ಕೆಳಗೆ ಜಾರಿತ್ತು, ಅಷ್ಟೇ. ಕಿತ್ತು ನೇರವಾಗಿ ಕೂರಿಸಿದ ಮೇಲೆ ಸರಿಹೋಯಿತು.

ಗ್ಲಾಸ್ ತೆಗೆದರೂ ಹಾಗೇ ಇದ್ದರೆ ಕ್ಯಾಲಿಬ್ರೇಷನ್ ಮಾಡಿ. ಹಲವು ರೆಡ್ಮಿಗಳಲ್ಲಿ ಅದೇ ಪರೀಕ್ಷೆಯ ಪುಟದಲ್ಲಿ `Calibrate` ಇರುತ್ತದೆ. ಗ್ಲಾಸ್ ಇಲ್ಲದೆ, ಫೋನನ್ನು ಮೇಜಿನ ಮೇಲಿಟ್ಟು, ಮೇಲ್ಗಡೆ ಕೈ ಅಡ್ಡ ಬರದಂತೆ ಒತ್ತಿ. ಕೈ ಅಡ್ಡ ಇದ್ದರೆ ಅದನ್ನೇ "ಖಾಲಿ" ಅಂತ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಕಿವಿಗಿಟ್ಟರೂ ಸ್ಕ್ರೀನ್ ಆರಲ್ಲ.

ಇದಾದ ಮೇಲೂ, ಸೆನ್ಸರ್ ಮೇಲೆ ಕೈ ಅಡ್ಡ ಹಿಡಿದು ತೆಗೆದರೂ ಪರೀಕ್ಷೆಯ ಪುಟದಲ್ಲಿ ಕಾಣುವ ಅಂಕಿ ಒಂಚೂರೂ ಅಲುಗಾಡದಿದ್ದರೆ ಮಾತ್ರ ಸರ್ವಿಸ್ ಸೆಂಟರ್. ಇತ್ತೀಚೆಗೆ ಡಿಸ್ಪ್ಲೇ ಬದಲಾಯಿಸಿದ್ದರೆ ಅದನ್ನೂ ಹೇಳಿ.