ಪ್ರಕರಣ: ತೊಗರಿಯ ತೇವ ಮತ್ತು 22 ಸ್ಲೈಡ್

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಕಲಬುರಗಿಯ ಇಪ್ಪತ್ತಾರರ ಹುಡುಗ. ದಾಲ್ ಮಿಲ್‌ಗಳಿಗೆ ತೊಗರಿಯ ತೇವಾಂಶ ಅಳೆದು ಲೆಕ್ಕ ಇಡುವ ಯಂತ್ರವನ್ನು ತಿಂಗಳ ಬಾಡಿಗೆಗೆ ಕೊಡುತ್ತಾನೆ. ಹೂಡಿಕೆದಾರರು ಎರಡು ಸಲ ಬೇಡ ಎಂದ ಮೇಲೆ, ಅವರಿಗೆ ತೋರಿಸಿದ್ದ 22 ಸ್ಲೈಡಿನ ಪಿಚ್ ಡೆಕ್ ಹಿಡಿದು ನನ್ನ ಬಳಿ ಬಂದ.

ಸ್ಲೈಡುಗಳ ತಲೆಬರಹ ಮಾತ್ರ ಗಟ್ಟಿಯಾಗಿ ಓದು ಎಂದೆ. "ಪರಿಚಯ, ಭಾರತದ ಕೃಷಿ, ನಮ್ಮ ದೃಷ್ಟಿ, ತಂತ್ರಜ್ಞಾನ..." ಮಿಲ್ ಮಾಲೀಕನ ಕಷ್ಟ ಕಾಣಿಸಿದ್ದು ಒಂಬತ್ತನೇ ಸ್ಲೈಡಿನಲ್ಲಿ. ಅಲ್ಲೂ ನಾಲ್ಕು ಫೋಟೊ, ಒಂದು ಗ್ರಾಫ್, ಒಂದು ಕೋಷ್ಟಕ ಒತ್ತೊತ್ತಾಗಿದ್ದವು. ಆ ಫೋಟೊಗಳಲ್ಲಿ ಒಂದು ಮಾತ್ರ ಬಹಳ ಚೆನ್ನಾಗಿತ್ತು: ಮಾಲೀಕರೊಬ್ಬರು ಕಾಳು ಕಚ್ಚಿ ತೇವ ನೋಡುತ್ತಿದ್ದರು. ಅದನ್ನೇ ಮೊದಲ ಸ್ಲೈಡ್ ಮಾಡಿಸಿದೆ. ಕೆಳಗೆ ಒಂದೇ ವಾಕ್ಯ: "14% ತೇವದ 100 ಕ್ವಿಂಟಲ್ ತೊಗರಿ 12%ಕ್ಕೆ ಒಣಗಿದರೆ ಸುಮಾರು 2.27 ಕ್ವಿಂಟಲ್ ತೂಕ ಇಳಿಯುತ್ತದೆ." ಒಣಕಾಳಿನ ಪಾಲು 86 ಕ್ವಿಂಟಲ್, ಅದನ್ನು 0.88ರಿಂದ ಭಾಗಿಸಿದರೆ 97.73. ಹಲ್ಲಿಗೆ ತಿಳಿಯದ ಈ ವ್ಯತ್ಯಾಸವೇ ಅವನ ಕಥೆ. ಗ್ರಾಫ್, ಕೋಷ್ಟಕ ಕೊನೆಯ ಅನುಬಂಧಕ್ಕೆ ಹೋದವು.

ನಿಜವಾದ ತೊಡಕು ಮಾರುಕಟ್ಟೆ ಸ್ಲೈಡಿನಲ್ಲಿತ್ತು. ದೇಶದ ಬೇಳೆಕಾಳು ವ್ಯಾಪಾರದ ದೊಡ್ಡ ಮೊತ್ತ ಬರೆದು, ಕೆಳಗೆ "ಇದರ 1% ಸಾಕು" ಎಂದಿತ್ತು.

"ಇದು ಎಲ್ಲಿಂದ ಬಂತು, ತಮ್ಮಾ?"

"ಒಂದು ರಿಪೋರ್ಟ್‌ನಾಗ ಇತ್ರಿ ಸರ್."

"ನೀನು ಬೇಳೆ ಮಾರ್ತಿಯೇನು?"

"ಇಲ್ರಿ, ಮೀಟರ್ ಬಾಡಿಗಿಗಿ ಕೊಡ್ತೀನ್ರಿ."

ಹಾಗಾದರೆ ಬೇಳೆಯ ವಹಿವಾಟು ಅವನ ಮಾರುಕಟ್ಟೆಯಲ್ಲ. ಕೆಳಗಿನಿಂದ ಲೆಕ್ಕ ಹಾಕಿದೆವು. ಅವನೇ ಓಡಾಡಿ ಮಾಡಿದ ಪಟ್ಟಿಯಲ್ಲಿ 180 ಮಿಲ್. ತಿಂಗಳಿಗೆ 1,500 ರೂಪಾಯಿಯಂತೆ ಎಲ್ಲರೂ ವರ್ಷಪೂರ್ತಿ ಕೊಟ್ಟರೆ 32.4 ಲಕ್ಷ. ಆದರೆ ಹಣ ಕೊಡುತ್ತಿದ್ದ ಆರು ಮಿಲ್‌ಗಳಲ್ಲಿ ಎರಡು, ಆವಕ ತಗ್ಗಿದ ಕೂಡಲೇ ನಿಲ್ಲಿಸಿದ್ದವು. ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಐದೇ ತಿಂಗಳು ಹಿಡಿದರೆ 13.5 ಲಕ್ಷ. ಅವನು ಕೇಳುತ್ತಿದ್ದದ್ದು ಎರಡು ಕೋಟಿ. ಅವನ ಮುಖ ಬಾಡಿತು, ನನಗೂ ಸಂಕಟವಾಯಿತು. ಆದರೂ ಈ ಸಂಖ್ಯೆ ಅವನು ಕಾಲು ಸವೆಸಿ ತಂದದ್ದು. ಯಾರು ಕೆದಕಿದರೂ ಅವನು ಉತ್ತರ ಕೊಡಬಲ್ಲ.

ನನ್ನ ಸಲಹೆ ಇಷ್ಟು. ಎರಡೂ ಲೆಕ್ಕವನ್ನು, ನಿಲ್ಲಿಸಿದ ಇಬ್ಬರ ಸಮೇತ, ತೋರಿಸು. ಮಹಾರಾಷ್ಟ್ರದ ಲಾತೂರು, ಅಕೋಲಾಗಳಿಗೆ ನೀನಿನ್ನೂ ಹೋಗಿಲ್ಲ. ಅವನ್ನು ಮಾರುಕಟ್ಟೆ ಎನ್ನದೆ ಮುಂದಿನ ಯೋಜನೆ ಎಂದು ಬರೆ. "ಸ್ಪರ್ಧಿಗಳಿಲ್ಲ" ಎಂಬುದನ್ನು ತೆಗೆ. ತೇವ ಅಳೆಯುವ ಯಂತ್ರ ಮೊದಲಿನಿಂದಲೂ ಇದೆ, ಕಾಳು ಕಚ್ಚುವ ಹಲ್ಲೂ ಸ್ಪರ್ಧಿಯೇ. ಸುಗ್ಗಿ ಮುಗಿದ ಮೇಲೆ ಗೋದಾಮಿನ ದಾಸ್ತಾನಿಗೂ ಮಾಲೀಕರು ಹಣ ಕೊಡುತ್ತಾರೆಯೇ ಎಂದು ಪರೀಕ್ಷಿಸಲು ಬೇಕಾಗುವಷ್ಟನ್ನೇ ಈಗ ಕೇಳು.

ಎರಡು ವಾರದ ನಂತರ 11 ಸ್ಲೈಡ್ ತಂದ. ತಲೆಬರಹಗಳನ್ನಷ್ಟೇ ಓದಿದರೂ ಕಥೆ ತಿಳಿಯುತ್ತಿತ್ತು. ಕೇಳುವ ಮೊತ್ತದ ಜಾಗ ಮಾತ್ರ ಖಾಲಿ ಇತ್ತು. ನಿಲ್ಲಿಸಿದ ಇಬ್ಬರು ಮಾಲೀಕರಲ್ಲಿ ಒಬ್ಬರನ್ನು ಭೇಟಿಯಾಗಿದ್ದ, ಇನ್ನೊಬ್ಬರು ಗುರುವಾರ ಬರಲು ಹೇಳಿದ್ದರು.