ಲಾಭ ಕೊಟ್ಟಿಗೆಯಲ್ಲಿದೆ, ಬ್ಯಾಂಕಿನಲ್ಲಿಲ್ಲ

ಪ್ರಶ್ನೆ: ನಮ್ಮ ಡೈರಿ ಕಂಪನಿಯ ಲೆಕ್ಕಪತ್ರ ಏಳು ಲಕ್ಷ ಲಾಭ ತೋರಿಸುತ್ತಿದೆ. ಬ್ಯಾಂಕಿನಲ್ಲಿ ಹಣವೇ ಇಲ್ಲ. ಹಾಲು ಮಾರಿದ್ದು ಸುಳ್ಳೇ?

ಹಾಲು ಮಾರಿದ್ದು ನಿಜವೇ ಇರಬಹುದು. ಮೊದಲು ಹಸುಗಳ ಮೌಲ್ಯದ ಸಾಲನ್ನು ನೋಡಿ. ಕೃಷಿಗೆಂದೇ ಇರುವ ಲೆಕ್ಕಪತ್ರ ಮಾನದಂಡವಾದ ಇಂಡ್ ಎಎಸ್ 41 ಪಾಲಿಸುವ ಕಂಪನಿ ಸಾಮಾನ್ಯವಾಗಿ ಹಸುವಿಗೆ ಸವಕಳಿ ಹಾಕುವುದಿಲ್ಲ. ವರ್ಷದ ಕೊನೆಯಲ್ಲಿ ಹಸು ಎಷ್ಟಕ್ಕೆ ಮಾರಾಟವಾದೀತು ಎಂದು ನೋಡಿ, ಏರಿಳಿತವನ್ನು ನೇರವಾಗಿ ಲಾಭನಷ್ಟಕ್ಕೆ ಬರೆಯುತ್ತದೆ.

ಅಂದಾಜಿಗೆ ಒಂದು ಲೆಕ್ಕ ಹಾಕೋಣ. ಏಪ್ರಿಲ್ 1ರಂದು 20 ಕಡಸುಗಳಿವೆ, ಒಂದೊಂದಕ್ಕೆ 40,000 ರೂಪಾಯಿ. ಮಾರ್ಚ್ 31ರ ಹೊತ್ತಿಗೆ ಎಲ್ಲವೂ ಕರು ಹಾಕಿ ಮೊದಲ ಸೂಲಿನ ಕರಾವಿನ ಹಸುಗಳಾಗಿವೆ. ಸಂತೆಯಲ್ಲಿ ಅಂಥ ಹಸುವಿಗೆ 77,000. ಸಾಗಾಟದ ಸಾವಿರ, ದಲ್ಲಾಳಿಯ ಸಾವಿರ ಕಳೆದರೆ 75,000. ಹೆಚ್ಚಳ ಏಳು ಲಕ್ಷ. ಇದರಲ್ಲಿ ಒಂದು ರೂಪಾಯಿಯೂ ಯಾರ ಕೈಗೂ ಬಂದಿಲ್ಲ.

ಈ ಏಳು ಲಕ್ಷವನ್ನು ಒಡೆದು ನೋಡುವುದು ಕಡ್ಡಾಯವಲ್ಲ, ಆದರೆ ನಾನು ಪ್ರತಿ ಬಾರಿಯೂ ಕೇಳುತ್ತೇನೆ. ಮೊದಲಿನಷ್ಟೇ ವಯಸ್ಸಿನ ಕಡಸಿಗೆ ಈಗ 44,000 ಇದ್ದರೆ, ದರ ಏರಿದ್ದರಿಂದ ಬಂದದ್ದು ಬರೀ 80,000. ಉಳಿದ 6,20,000 ಕಡಸು ಹಸುವಾದದ್ದರ ಫಲ. ಮೊದಲನೆಯದು ಮುಂದಿನ ವರ್ಷ ಸಂತೆ ಇಳಿದರೆ ಮಾಯವಾಗುತ್ತದೆ. ಎರಡನೆಯದು ಮೇವು, ಹಿಂಡಿಗೆ ಸುರಿದ ಹಣದಿಂದ ಬಂದದ್ದು, ಆ ಹಣ ಆಗಲೇ ಬ್ಯಾಂಕಿನಿಂದ ಹೋಗಿದೆ.

ಹಾಲಿನದು ಬೇರೆ ದಾರಿ. ಕರೆದ ಕ್ಷಣದಲ್ಲಿ ಕೊಟ್ಟಿಗೆ ಬಾಗಿಲಿನ ದರಕ್ಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂದೇ ಡೈರಿಗೆ ಹಾಕಿದರೆ ಈ ಹಂತ ಕಾಣುವುದೇ ಇಲ್ಲ. ನೀವೇ ತಂಪು ಮಾಡಿ ಪ್ಯಾಕೆಟ್ ತುಂಬಿ ಮಾರುವುದಾದರೆ, ಲೀಟರಿಗೆ 36 ರೂಪಾಯಿ ಎಂದು ಹಿಡಿದದ್ದೇ ದಾಸ್ತಾನಿನ ಆರಂಭಿಕ ವೆಚ್ಚ. ಆ 36ನ್ನು ಕರೆದಾಗ ಒಮ್ಮೆ ಆದಾಯವಾಗಿ ಬರೆದು, ಪ್ಯಾಕೆಟ್ ಮಾರಿದಾಗ ವೆಚ್ಚವಾಗಿ ಕಳೆಯದಿದ್ದರೆ, ಒಂದೇ ಹಾಲು ಎರಡು ಸಲ ಲಾಭ ಕೊಟ್ಟಂತೆ ಕಾಣುತ್ತದೆ.

ಐದನೇ ಸೂಲು ದಾಟಿದ ಮೇಲೆ ಸ್ಥಿತಿ ತಿರುಗುತ್ತದೆ. ಹಾಲು ಬರುತ್ತಲೇ ಇರುತ್ತದೆ, ಹಸುವಿನ ಬೆಲೆ ಕುಸಿಯುತ್ತದೆ; ಆಗ ಕಾಗದದಲ್ಲಿ ಲಾಭ ಕಡಿಮೆ, ಕೈಯಲ್ಲಿ ಹಣ ಹೆಚ್ಚು. ಕರ್ನಾಟಕದಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆಯ ನಂತರ ಗೊಡ್ಡು ಹಸುವಿಗೆ ಒಳ್ಳೆಯ ಬೆಲೆ ಹಿಡಿದಿದ್ದರೆ ನನಗೆ ಅನುಮಾನ ಬರುತ್ತದೆ.

ಇನ್ನೊಂದು ಕಡೆ ಕಣ್ಣಿಡಿ. 30,000ಕ್ಕೆ ದಾಖಲಾಗಿದ್ದ ಹಸುವನ್ನು 28,000ಕ್ಕೆ ಮಾರಿದರೆ ನಷ್ಟ ಎರಡೇ ಸಾವಿರ. ಇಡೀ 28,000ವನ್ನು ಆದಾಯಕ್ಕೆ ಬರೆದು ಹಸುವನ್ನು ಪಟ್ಟಿಯಲ್ಲೇ ಬಿಟ್ಟಿರುವ ಕಂಪನಿಗಳೂ ಇವೆ. ಹಸುವಿನ ಕಿವಿಗೆ ಹಾಕಿದ ಗುರುತಿನ ಓಲೆಯ 12 ಅಂಕಿಗಳನ್ನು ಪಟ್ಟಿಯೊಡನೆ ಹೋಲಿಸಿದರೆ ಒಂದೇ ಬೆಳಿಗ್ಗೆಯಲ್ಲಿ ಇದು ಗೊತ್ತಾಗುತ್ತದೆ.